ನಡು ತೆಗ್ಗಿನ ಗಾದಿ

ಅಪ್ಪನ ಅವ್ವ, ನಮ್ಮ ಆಯಿ, ಗಾದಿಯಿಂದ ಏಳುವುದನ್ನು ನಾನು ಮನೆಮಂದಿಗೆಲ್ಲ ಮಾಡಿ ತೋರಿಸುತ್ತಿದ್ದೆ. ಮೊದಲು ಒಂದು ಕೈ ಮ್ಯಾಲೆ ಬರಬೇಕು, ಬಾವಿಯಲ್ಲಿ ಬಿದ್ದವರ ಕೈ ಬಂದಂಗ. ಆ ಕೈ ಮಂಚದ ಅಂಚು ಹುಡುಕಬೇಕು. ಆಮೇಲೆ "ಯಪ್ಪಾ ಬೀರಪ್ಪಾ" ಅಂತ ಒಂದು ಕೂಗು, ಒಂದು ಮೊಣಕಾಲು, ಮತ್ತೆ ಜಾರಿ ನಡುವಿನ ತೆಗ್ಗಿಗೇ. ಎರಡನೇ ಸಲ ಬೀರಪ್ಪನ ಜೋಡಿ ನನ್ನನ್ನೂ ಕೂಗುತ್ತಿದ್ದಳು, ಯಾಕಂದ್ರ ಬೀರಪ್ಪ ಗುಡಿ ಬಿಟ್ಟು ಬಂದು ಕೈ ಕೊಟ್ಟು ಎಬ್ಬಿಸುವುದಿಲ್ಲ. ನಾನು ಇದನ್ನು ಪಡಸಾಲೆಯಲ್ಲಿ ಮಾಡಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಆಯಿಯೇ. "ಮೊಣಕಾಲು ಇನ್ನಾ ನಡಗಬೇಕಲೇ," ಅಂತ ತಿದ್ದುತ್ತಿದ್ದಳು.

ನಮ್ಮದು ಸೊಲ್ಲಾಪುರದಲ್ಲಿ ಚಾದರದ ಅಂಗಡಿ. ಮೂಲ ಅಕ್ಕಲಕೋಟ ತಾಲೂಕಿನ ಕರಜಗಿ. ಮುತ್ಯಾ, ಅಂದರೆ ನನ್ನಪ್ಪನ ಅಪ್ಪ, ಅಲ್ಲಿ ಕುರಿ ಉಣ್ಣೆಯ ಕಂಬಳಿ ಹೊತ್ತು ಮಾರುತ್ತ ಈ ಊರಿಗೆ ಬಂದು, ಕಂಬಳಿ ಬಿಟ್ಟು ಚಾದರ ಹಿಡಿದವನು. ಅಂಗಡಿಯಲ್ಲಿ ಈಗ ಅಪ್ಪ ಕೂಡುತ್ತಾನೆ, ಪಕ್ಕದಲ್ಲಿ ನಾನು. ನನ್ನ ನಕಲನ್ನೂ ನಾನೇ ಮಾಡುತ್ತೇನೆ: ಗಿರಾಕಿಯ ಮುಂದೆ ಹತ್ತು ಚಾದರ ಠೀವಿಯಿಂದ ಬಿಚ್ಚಿ ಒಗೆದು, ಮಡಚಲು ಬಾರದೆ ಕಾಲಿನಿಂದ ಮೂಲೆಗೆ ಸರಿಸುವ ಸಾಹುಕಾರ.

ಆಯಿಯ ಮಂಚ ಮುತ್ಯಾ ಮಾಡಿಸಿದ್ದು. ಇಬ್ಬರು ಮಲಗುವ ಅಗಲ, ಅಡ್ಡಲಾಗಿ ಕಟ್ಟಿಗೆಯ ಪಟ್ಟಿಗಳು. ಪಟ್ಟಿಗಳಿಗೆ ಒಂದು ಮೊಳೆಯೂ ಇಲ್ಲ, ಸುಮ್ಮನೆ ಅಂಚಿನ ಮೇಲೆ ಕೂತಿದ್ದವು. ತಗಣಿ ಆದರೆ ಬಿಚ್ಚಿ ಬಿಸಿಲಿಗೆ ಇಡಬೇಕಲ್ಲ, ಅದಕ್ಕೆ. ಮೊದಲು ಅದರ ಮೇಲೆ ಅರಳೆಯ ಗಾದಿ ಇತ್ತು. ಮುತ್ಯಾನ ಸೊಂಟ ಹಿಡಿದ ವರ್ಷ ಅದು ಕರಜಗಿಯ ಕಾಕಾನ ಮನೆಗೆ ಹೋಗಿ, ಇಲ್ಲಿಗೆ ಫೋಮ್ ಗಾದಿ ಬಂತು. ಮುತ್ಯಾ ಬಾಗಿಲ ಕಡೆ, ಆಯಿ ಗೋಡೆ ಕಡೆ, ನಡುವೆ ನಾನು. ಸಣ್ಣವನಿದ್ದಾಗ ನನಗೆ ಆ ನಡುವೇ ಊರು. ಎಡಕ್ಕೆ ಮುತ್ಯಾನ ಗೊರಕೆ, ಬಲಕ್ಕೆ ಆಯಿಯ ಬಳೆ. ನಾನು ಕಲಿತ ಮೊದಲನೇ ನಕಲು ಆ ಗೊರಕೆ. ಎರಡನೆಯದು ಮುತ್ಯಾ ಏಳುವ ಮುಂಚೆ ಕೆಮ್ಮುತ್ತಿದ್ದ ಕೆಮ್ಮು: ಎರಡು ಗಿಡ್ಡ, ಒಂದು ಉದ್ದ, ಕಡೆಗೆ "ಹಾಂ, ನಡೀರಿ" ಅಂತ ಯಾರಿಗೆ ಹೇಳಿದನೋ ತಿಳಿಯದ ಒಂದು ಹುಕುಂ. ಮುತ್ಯಾ ಹೋದಮೇಲೆ ಆ ಎರಡೂ ನಕಲು ಬಂದಾದವು. ಯಾರೂ ಬೇಡ ಅನ್ನಲಿಲ್ಲ. ನನಗೇ ಬಾಯಿ ಬರಲಿಲ್ಲ.

ಈ ಸಲದ ಬೇಸಿಗೆಯ ಒಂದು ಮುಂಜಾನೆ ಆಯಿ ಮೂರು ಸಲ ಬೀರಪ್ಪನನ್ನು ಕರೆದರೂ ಮೇಲೆ ಬರಲಿಲ್ಲ. ನಾನೂ ಅಪ್ಪನೂ ಎರಡು ರಟ್ಟೆ ಹಿಡಿದು ಎಬ್ಬಿಸಿದೆವು. ಸೊಂಟದ ಮೇಲೆ ಕೈ ಇಟ್ಟುಕೊಂಡು ಕೂತವಳ ಮುಖ ನೋಡಿ ನಕಲು ಮಾಡುವ ಮನಸ್ಸು ಬರಲಿಲ್ಲ.

ಅಪ್ಪ ಅಂಗಡಿಯ ದನಿಯಲ್ಲೇ ಹೇಳಿದ: "ಯವ್ವಾ, ಈ ಗಾದಿ ಮುಗೀತು. ಐತವಾರ ಹೊಸಾದು ತರೂಣು. ಇದನ್ನ ಹಳೀ ಸಾಮಾನಿನ ಭಂಗಾರದಾವ್ಗ ಕೊಟ್ಟ ಬಿಡೂಣು."

"ಇದು ಮನಿ ಬಿಟ್ಟ ದಿನ ನಾನೂ ಬಿಡತೀನಿ," ಅಂದಳು ಆಯಿ. "ಅಕ್ಕಲಕೋಟದಿಂದ ಕರಜಗಿ ಎಸ್‌ಟಿ ಬಸ್ಸು ಇನ್ನಾ ಬಂದ್ ಆಗಿಲ್ಲ. ಸಣ್ಣಾವನ ಮನ್ಯಾಗ ನನ್ನ ಅರಳಿ ಗಾದಿ ಅದ."

"ಇದರಾಗ ಸೊಂಟ ಮುರಕೋತಿ, ಹೊಸಾದು ಬ್ಯಾಡ ಅಂತಿ. ನಾ ಏನ್ ಮಾಡ್ಲಿ?"

"ನೀ ಚಾದರ ಮಾರು."

ಆಯಿ ಹಟ ಹಿಡಿದಳೆಂದರೆ ಹಿಡಿದಳೇ. ಆವತ್ತೇ ತನ್ನ ಚೀಲ ಗೂಟದಿಂದ ಇಳಿಸಿ ಮಂಚದ ಕಾಲಿಗೆ ಆನಿಸಿ ಇಟ್ಟಳು. ಅಪ್ಪನೂ ಅವಳ ಮಗನೇ. ನನಗೆ ತಿಳಿಯಿತು: ಐತವಾರದೊಳಗೆ ಈ ಗಾದಿ ನೆಟ್ಟಗಾಗದಿದ್ದರೆ ಒಂದೋ ಆಯಿಯ ಸೊಂಟ ಹೋಗುತ್ತದೆ, ಇಲ್ಲ ಆಯಿಯೇ ಹೋಗುತ್ತಾಳೆ. ಕರಜಗಿ ದೂರವೇನಲ್ಲ. ಆದರೆ ನನ್ನ ಎಲ್ಲ ನಕಲಿಗೂ ಮೊದಲ ಗಿರಾಕಿ ಅವಳು. ಅವಳಿಲ್ಲದ ಪಡಸಾಲೆಯಲ್ಲಿ ನಾನು ಬರೀ ಒಬ್ಬ ಕಿರಿಕಿರಿಯ ಹುಡುಗ.

ದಾಜಿಗೆ ಫೋನ್ ಮಾಡಿದೆ. ದಾಜಿ ಅಂದರೆ ಅಕ್ಕನ ಗಂಡ. ಮನೆ ಅಕ್ಕಲಕೋಟ, ನೌಕರಿ ಸೊಲ್ಲಾಪುರದ ಆಚೆ ಚಿಂಚೋಳಿ ಎಂಐಡಿಸಿ ವಸಾಹತಿನಲ್ಲಿ, ಫೋಮ್ ಕೊಯ್ಯುವ ಕಾರಖಾನೆಯ ಸುಪರವೈಜರ್. ಎದೆಯ ಮೇಲೆ ಕೈ ಕಟ್ಟಿ, ಗದ್ದ ಎತ್ತಿ, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ಅವನ ನಕಲು ನಮ್ಮ ಮನೆಯಲ್ಲಿ ಬಹಳ ಓಡುತ್ತದೆ. ಅಕ್ಕನ ಜೋಡಿ ಬಂದವನು ಗಾದಿಯ ನಡುವೆ ಅಂಗೈ ಒತ್ತಿ ಹಿಡಿದ, ಬಿಟ್ಟ, ಗದ್ದ ಎತ್ತಿದ.

"ಫೋಮ್ ಥಕಲಾ. ದಣದದ. ನೋಡ್ರಿ, ಫೋಮಿನಾಗ ಬರೇ ಗುಳ್ಳಿ ಇರ್ತಾವ. ವರ್ಷಾನಗಟ್ಲೆ ಒಂದ ಜಾಗಾದಾಗ ಭಾರ ಬಿತ್ತಂದ್ರ ಗುಳ್ಳಿ ಗೋಡಿ ಮುರೀತಾವ. ಮುರದಾವು ತಿರುಗಿ ನಿಂದ್ರಂಗಿಲ್ಲ. ಹೊಸಾದೇ ತರ್ರಿ."

ಆಯಿ ಚೀಲದ ಕಡೆ ನೋಡಿದಳು.

"ದಾಜಿ," ಅಂದೆ ಅವನದೇ ದನಿಯಲ್ಲಿ, ಗದ್ದ ಎತ್ತಿ, "ಕಾರಖಾನ್ಯಾಗ ಮಾಲು ವಾಪಸ್ ಬಂದ್ರ ನೀವು ಬರೇ ಅಂಗೈ ಹಚ್ಚಿ ಪಾಸು-ಫೇಲು ಮಾಡ್ತೀರೇನು?"

ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ದಾಜಿಗೆ ಸಿಟ್ಟು ಬಂತು. ಸಿಟ್ಟು ಬಂದರೇ ಅವನು ಚಲೋ ಕೆಲಸ ಮಾಡುವುದು. "ಗಜ ತಾ," ಅಂದ.

ಅಂಗಡಿಯ ಅರಿವೆ ಅಳೆಯುವ ಕಟ್ಟಿಗೆ ಗಜವನ್ನು ಗಾದಿಯ ಅಡ್ಡ ಮಲಗಿಸಿದ. ನಡುವೆ ಗಜದ ಕೆಳಗೆ ನನ್ನ ಮುಷ್ಟಿ ಸಲೀಸಾಗಿ ಹೋಯಿತು. "ಈಗ ಗಾದಿ ನೆಲಕ್ಕ ಇಳಸು. ರಾತ್ರಿಪೂರ್ತಿ ಇರಲಿ. ನೆಲದ ಮ್ಯಾಲೂ ಇಷ್ಟಾ ತೆಗ್ಗ ಇತ್ತಂದ್ರ ತಪ್ಪು ಫೋಮಿಂದು. ನೆಲದಾಗ ಸಪಾಟ ಆತಂದ್ರ ತಪ್ಪು ಮಂಚದ್ದು."

ಇಬ್ಬರೂ ಗಾದಿ ಎತ್ತಿ ನೆಲಕ್ಕೆ ಹಾಕಿದೆವು. ಎತ್ತಿದ ಕೂಡಲೇ ದಾಜಿಯ ಗದ್ದ ಕೆಳಗಿಳಿಯಿತು.

ಮಂಚದ ನಡುವೆ ಒಂದು ಕಿಡಕಿ. ಪಟ್ಟಿಗಳೆಲ್ಲ ತಲೆ ಕಡೆ ಒಂದಿಷ್ಟು, ಕಾಲ ಕಡೆ ಒಂದಿಷ್ಟು, ಮೈಮೇಲೆ ಮೈ ಹಾಕಿ ನಿಂತಿದ್ದವು. ನಡುವೆ ಒಂದು ಕುರಿ ಹಾಯುವಷ್ಟು ಜಾಗ ಖಾಲಿ. ಆ ಖಾಲಿ ಜಾಗದ ಕೆಳಗೆ ಅಂಗಡಿಯ ಚಾದರದ ಗಂಟು. ಗಂಟಿನ ಮರೆಗೆ ಒಂದು ತಗಡಿನ ಡಬ್ಬಿ.

ಅವ್ವ ಅಡಿಗೆಮನೆ ಕಡೆ ಹೊರಟಿದ್ದಳು.

"ಯವ್ವಾ, ನಿಂದ್ರು," ಅಂದೆ.

"ಮಂಚ ಸರಸಾಕ ಯಾರ ಬರ್ತೀರಿ ನೀವು?" ಅಂದಳು ಅವ್ವ, ತಿರುಗದೆಯೇ. "ಗಂಟು ತಗೀಬೇಕಂದ್ರ ಗಾದಿ ಮಡಚಿ ಮ್ಯಾಲಿಂದನ ಕೈ ಹಾಕಬೇಕು. ಎರಡ ಪಟ್ಟಿ ಸರಸೀನಿ. ಎರಡಾ!"

"ಮತ್ತ ಉಳದಾವು?"

ಆಯಿ ಗೋಡೆ ನೋಡುತ್ತ ಕೂತಿದ್ದಳು. ದಾಜಿ ಡಬ್ಬಿ ತೆಗೆದ. ಒಳಗೆ ಕಡಕ್ ರೊಟ್ಟಿ, ಮೇಲೆ ಒಂದು ಪುಡಿಕೆ ಶೇಂಗಾ ಚಟ್ನಿ. ಡಾಕ್ಟರು ಖಾರ ಬಿಡು ಅಂದ ದಿನದಿಂದ ಆಯಿಯ ಊಟದ ತಾಟಿನಲ್ಲಿ ಇಲ್ಲದ್ದು.

"ಅಕಿ ಎರಡು ಆ ಕಡೆ ಸರಸಿದ್ಲು, ನಾ ಎರಡು ಈ ಕಡೆ ಸರಸೀನಿ," ಅಂದಳು ಆಯಿ. "ಅಕಿ ಸರಸಿದ್ದು ನನಗೇನ್ ಗೊತ್ತು?"

ಅತ್ತೆ ಸೊಸೆ ಒಂದೇ ತೂತಿಗೆ ಎರಡೂ ಕಡೆಯಿಂದ ಕೈ ಹಾಕಿದ್ದರು, ಎಷ್ಟು ವರ್ಷದಿಂದಲೋ. ಅಪ್ಪ ಇಬ್ಬರನ್ನೂ ನೋಡಿ ಬಾಯಿ ತೆರೆದ. ಅಷ್ಟರಲ್ಲಿ ದಾಜಿ ಗಾದಿಯ ಹೊಲಿಗೆ ಬಿಟ್ಟಲ್ಲಿ ಕೈ ಹಾಕಿ ಒಂದು ಚಿಟಿಕೆ ಹಳದಿ ಪುಡಿ ತೆಗೆದು, "ಇದನ್ನ ಬಿಸಿಲಾಗ ಒಣಸಾವ್ರು ಯಾರು?" ಅಂದ.

ಅಪ್ಪ ಬಾಯಿ ಮುಚ್ಚಿದ. ಪ್ರತಿ ಬೇಸಿಗೆ ಅವನೇ ಅದನ್ನು, ಕೆಳಗಿನ ಪಟ್ಟಿಗಳತ್ತ ಕಣ್ಣೂ ಹಾಯಿಸದೆ, ಮಾಳಿಗೆಗೆ ಹೊತ್ತು, ಸೊಲ್ಲಾಪುರದ ಆ ಬಿಸಿಲಿಗೆ ದಿನಗಟ್ಟಲೆ ಹರವಿ, ಬಡಿಗೆಯಿಂದ ಬಡಿಯುತ್ತಿದ್ದ. ಅರಳೆಯ ಗಾದಿಗೆ ಹಾಗೇ ಮಾಡುತ್ತಿದ್ದರು. ಬಿಸಿಲುಂಡರೆ ಅರಳೆ ಉಬ್ಬುತ್ತದೆ. "ಫೋಮು ಸಾಯ್ತದ, ಮಾಮಾ," ಅಂದ ದಾಜಿ. "ಇದಕ್ಕ ನೆಳ್ಳು, ಗಾಳಿ ಸಾಕು. ಬಡೀಬ್ಯಾಡ್ರಿ ಪಾಪ, ಏನ್ ತಪ್ಪು ಮಾಡೇತದು?"

ಮರುದಿನ ನೆಲದ ಮೇಲಿನ ಗಾದಿಗೆ ಮತ್ತೆ ಗಜ ಇಟ್ಟೆವು. ಮುಷ್ಟಿ ಹೋಗುತ್ತಿದ್ದಲ್ಲಿ ಈಗ ಬೆರಳೂ ಹೋಗಲಿಲ್ಲ. ನಟ್ಟನಡುವೆ ಸಪಾಟು. ಆದರೆ ಬಾಗಿಲ ಕಡೆಯ ಅರ್ಧದಲ್ಲಿ, ಸೊಂಟ ಬರುವ ಜಾಗದಲ್ಲಿ, ಒಂದು ಬೆರಳಿನಷ್ಟು ತೆಗ್ಗು ಉಳಿದಿತ್ತು. ಅದು ಮಾತ್ರ ಫೋಮಿನದೇ. ದಾಜಿ ಅಲ್ಲಿ ಅಂಗೈ ಇಟ್ಟು, ಈ ಸಲ ಗದ್ದ ಎತ್ತದೆ, ಸಣ್ಣಗೆ ಕೇಳಿದ: "ಇಲ್ಲಿ ಯಾರು ಮಲಗತಿದ್ರು?"

ಬಾಗಿಲ ಕಡೆ ಅಂದರೆ ಮುತ್ಯಾನ ಕಡೆ. ಆಯಿ ಚೀಲದ ಹಿಡಿಕೆ ತಿರುವುತ್ತಿದ್ದಳು. ಹೊಸ ಗಾದಿ ಯಾಕೆ ಬೇಡವಾಗಿತ್ತು ಅಂತ ನಮಗೆಲ್ಲ ಆಗಲೇ ತಿಳಿದದ್ದು. ನಾವು ಜಿಪುಣತನ ಅಂದುಕೊಂಡಿದ್ದೆವು. ನಾನಂತೂ ಅದರ ನಕಲನ್ನೂ ಮಾಡಿದ್ದೆ.

ಉಳಿದದ್ದು ದುಡಿಮೆ. ಅಕ್ಕಲಕೋಟದ ಕಟ್ಟಿಗೆ ಅಡ್ಡೆಯಿಂದ ದಾಜಿ ಹೊಸ ಪಟ್ಟಿ ಕೊಯಿಸಿ ಗಾಡಿಗೆ ಕಟ್ಟಿಕೊಂಡು ಬಂದ. ಹಳೆಯ ಪಟ್ಟಿಗಳಷ್ಟೇ ಸಾಲುತ್ತಿರಲಿಲ್ಲ. ಮುತ್ಯಾ ಅವನ್ನು ಅರಳೆ ಗಾದಿಯ ಲೆಕ್ಕದಲ್ಲಿ ದೂರದೂರ ಇಡಿಸಿದ್ದ. ಅರಳೆ ಗಟ್ಟಿ, ಸಂದು ದಾಟುತ್ತಿತ್ತು. ಫೋಮು ಸಂದಿನಲ್ಲಿ ಇಳಿಯುತ್ತದೆ. "ಎರಡು ಪಟ್ಟಿ ನಡುವ ನಾಕ ಬೆರಳು. ಅದಕ್ಕಿಂತ ಜಾಸ್ತಿ ಬ್ಯಾಡ," ಅಂದ ದಾಜಿ. ನಾನು ಪ್ರತಿ ಸಂದಿಗೂ ನಾಕು ಬೆರಳು ಇಟ್ಟು ಅಳೆದೆ, ಅವನು ಸ್ಕ್ರೂ ಹಾಕಿದ, ಇನ್ನು ಯಾರ ಕೈಗೂ ಸರಿಯಬಾರದಂತ. ಪಟ್ಟಿಗಳ ಕೆಳಗೆ ಮಂಚದ ಉದ್ದಕ್ಕೂ ಒಂದು ತೊಲೆ, ಅದರ ನಡುವಿಗೆ ನೆಲ ಮುಟ್ಟುವ ಒಂದು ಕಾಲು. ಅಷ್ಟು ಅಗಲದ ಮಂಚಕ್ಕೆ ನಡುವೆ ಕಾಲೇ ಇರಲಿಲ್ಲ. ಚಾದರದ ಗಂಟು ಮಾಳಿಗೆ ಕೋಣೆಗೆ ಹೋಯಿತು. ಡಬ್ಬಿ ಅವ್ವನ ವಶವಾಯಿತು.

ಗಾದಿ ಎತ್ತುವಾಗ ದಾಜಿ, "ತಲಿ ಕಡಿಂದು ಕಾಲ ಕಡೆ ಮಾಡ್ರಿ," ಅಂದ. "ಕೆಳಗ ಮ್ಯಾಲೆ ಮಾಡಬ್ಯಾಡ್ರಿ, ಇದಕ್ಕ ಮಲಗೂ ಮೈ ಒಂದ ಅದ. ಸುತ್ತು ತಿರುಗಸ್ರಿ. ಮುರದ ಜಾಗಾಕ್ಕ ಭಾರ ಕಡಿಮಿ ಬೀಳ್ತದ."

"ಬ್ಯಾಡ," ಅಂದಳು ಆಯಿ.

"ಆಯಿ, ಆ ತೆಗ್ಗ ಎಲ್ಲಿಗೂ ಹೋಗಂಗಿಲ್ಲ..."

"ಬ್ಯಾಡ ಅಂದ್ನೆಲ್ಲ. ಇದ್ದಂಗ ಇರಲಿ."

ಗಾದಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ದಾಜಿಯ ಕೈಯಲ್ಲಿ. ನಿಂತಲ್ಲೇ ನನ್ನ ತಲೆಯೊಳಗೆ ಗಾದಿಯನ್ನು ಒಂದು ಸುತ್ತು ತಿರುಗಿಸಿ ನೋಡಿದೆ. ತಲೆ ಕಾಲ ಕಡೆ ಹೋದರೆ ಎಡ ಬಲಕ್ಕೆ ಬರುತ್ತದೆ. ಸೊಂಟದ ಜಾಗ ಸುಮಾರು ಸೊಂಟದ ಜಾಗದಲ್ಲೇ ಉಳಿಯುತ್ತದೆ.

"ಆಯಿ," ಅಂದೆ, "ತಿರಗಿಸಿದ್ರ ಬಾಗಲಾ ಕಡಿಂದು ಗ್ವಾಡಿ ಕಡೆ ಬರ್ತದ. ನಿನ್ನ ಕಡೆ."

ದಾಜಿ ಕಣ್ಣಲ್ಲೇ ಸುತ್ತು ಹಾಕಿ ನೋಡಿ, "ಹೋ, ಖರೇನ," ಅಂದ. ಮತ್ತೆ ತನ್ನ ಕಾರಖಾನೆ ನೆನಪಾಗಿ, "ಆದ್ರ ಆಯಿ ಅದರಾಗ ಮಲಗಬೇಕಂದ್ರ ಗಾದಿ ಕೆಳಗ, ಪಟ್ಟಿ ಮ್ಯಾಲ, ಅಷ್ಟ ಜಾಗಾಕ್ಕ ಒಂದು ಚಾದರ ಮಡಚಿ ಹಾಕಬೇಕು. ಗಾದಿ ಮ್ಯಾಲ ಅಲ್ಲ. ಕೆಳಗ," ಅಂದ. ಆಯಿ ತಿರುಗಿಸ್ರಿ ಅಂತ ಕೈ ಮಾಡಿದಳು, ಅಪ್ಪ ಅಂಗಡಿಯಿಂದ ಚಾದರ ತಂದು ತಾನೇ ಮಡಚಿ ಹಾಕಿದ. ನನಗೆ ಮಡಚಲು ಕೊಡಲಿಲ್ಲ.

ಐತವಾರ ಹೊಸ ಗಾದಿ ತರಲು ಯಾರೂ ಹೋಗಲಿಲ್ಲ. ಮಧ್ಯಾಹ್ನ ಆಯಿ ಮಲಗಿ ಎದ್ದಳು. ಪಡಸಾಲೆಯಲ್ಲಿ ನಾವೆಲ್ಲ ಕಿವಿ ಕೊಟ್ಟು ಕೂತಿದ್ದೆವು. ಬೀರಪ್ಪನ ಹೆಸರು ಕೇಳಿಸಲಿಲ್ಲ. ಒಳಗೆ ಹೋಗಿ ನೋಡಿದರೆ ತಾನೇ ಎದ್ದು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಒಂದು ಕೈ ಹಿಂದೆ ಗಾದಿಯ ಮೇಲೆ.

"ಸೊಂಟ ಹ್ಯಾಂಗದ?"

"ಅದ ಇನ್ನಾ." ಗಾದಿ ತಟ್ಟಿ ನಕ್ಕಳು. "ಇಷ್ಟ ವರ್ಷ ಗಾಳಿ ಬೇಕಂತ ಬಾಗಲಾ ಬಿಟ್ಟು ಈ ಕಡೆ ಬರಲಿಲ್ಲ ಮುದುಕ. ಈಗ ಬಂದಾನ ನೋಡು."

ನಾನು ಅವಳ ಚೀಲ ಎತ್ತಿ ಗೂಟಕ್ಕೆ ಹಾಕಿದೆ. ಆಯಿ ಬೇಡ ಅನ್ನಲಿಲ್ಲ.

"ಬಾ ಇಲ್ಲಿ," ಅಂದಳು. "ಅವನ ಕೆಮ್ಮು ಬರ್ತದೇನು ಇನ್ನಾ ನಿನಗ?"

ಪಕ್ಕದಲ್ಲಿ ಕೂತೆ. ಎರಡು ಗಿಡ್ಡ, ಒಂದು ಉದ್ದ. ಬಂತು. "ಹಾಂ, ನಡೀರಿ," ಅಂದೆ. ಪಡಸಾಲೆಯಲ್ಲಿ ಅಪ್ಪ ತಟ್ಟನೆ ಎದ್ದು ನಿಂತ ಸಪ್ಪಳವಾಯಿತು.

ಆಯಿ ಕಣ್ಣು ಒರೆಸಿಕೊಂಡು, "ಕಡೀ ಕೆಮ್ಮು ಇನ್ನೊಂಚೂರು ಉದ್ದ ಆಗಬೇಕಲೇ," ಅಂದಳು.