ಗಾಡಿ ಹೋಗುವ ಕಡೆ ಮುಖ

ಅತ್ತೆ ಆಡಿದ ಆ ಒಂದು ಮಾತನ್ನು ದೊಡ್ಡಳಿಯ, ರೈಲ್ವೆ ಟಿಕೆಟ್ ಕೌಂಟರಿನವನು, ಇವತ್ತಿಗೂ ಮರೆತಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾಗ, ಅವನ ತಟ್ಟೆಗೆ ಅನ್ನ ಬಡಿಸುತ್ತಲೇ ಆಕೆ ನಗುತ್ತಾ ಅಂದಿದ್ದರು: "ಚಿಕ್ಕಳಿಯಂದಿರು ಟಿಕೆಟ್ ಮಾಡಿಸಿದ್ರೆ ನಾನು ಮುಂದಕ್ಕೆ ಹೋಗ್ತೀನಿ. ದೊಡ್ಡಳಿಯಂದಿರು ಮಾಡಿಸಿದ್ರೆ ಹಿಂದಕ್ಕೆ ಹೋಗ್ತೀನಿ."

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವನ ಸ್ವಂತ ಹೆಂಡತಿ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಚಿಕ್ಕಳಿಯ ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಉಣ್ಣುತ್ತಿದ್ದ. ಆ ವಿನಯವೇ ದೊಡ್ಡಳಿಯನ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿತು. ನಕ್ಕಿದ್ದರೆ ಬೈಯಬಹುದಿತ್ತು. ನಗದವನನ್ನು ಏನಂತ ಬೈಯುವುದು?

ಇಪ್ಪತ್ತಾರು ವರ್ಷದಿಂದ ಅವನು ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತವನು. ಆ ಗಾಜಿಗೆ ಒಂದು ಅಂಗೈಯಗಲದ ಕಂಡಿ. ಅದರೊಳಗಿಂದ ಎಷ್ಟು ಕೈಗಳು ಬಂದವೋ, ಎಷ್ಟು ಫಾರಂ ಬಂದವೋ ಲೆಕ್ಕವಿಲ್ಲ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕೆಲಸದಲ್ಲಿ ಸುಳ್ಳು ಹೇಳಿದವನಲ್ಲ.

"ಸಾರ್, ಕಿಟಕಿ ಬೇಕು."

"ಬರೆದಿದ್ದೀರಲ್ಲ, ಹಾಕ್ತೀನಿ. ಖಾಲಿ ಇದ್ರೆ ಮಿಷನ್ ಕೊಡುತ್ತೆ. ಇಲ್ಲದಿದ್ರೆ ಇಲ್ಲ."

"ನಂಗೆ ಓಡಾಡೋ ದಾರಿ ಪಕ್ಕ ಬೇಕಿತ್ತು ಸಾರ್, ಮಂಡಿ ನೋವು."

"ಅದಕ್ಕೆ ಫಾರಂನಲ್ಲಿ ಜಾಗಾನೇ ಇಲ್ಲ. ಬಂದ್ರೆ ನಿಮ್ಮ ಪುಣ್ಯ."

"ಮತ್ತೆ ಗಾಡಿ ಹೋಗೋ ಕಡೆ ಮುಖ ಇರೋ ಸೀಟು..."

ಇಲ್ಲಿಗೆ ಬಂದರೆ ಅವನ ಧ್ವನಿ ಏರುತ್ತಿತ್ತು. "ಅದನ್ನ ಯಾರೂ ಕೊಡೋಕಾಗಲ್ಲ ಸ್ವಾಮಿ! ಡಬ್ಬಿಯಲ್ಲಿ ಅರ್ಧ ಸೀಟು ಈ ಕಡೆ ನೋಡ್ತವೆ, ಅರ್ಧ ಆ ಕಡೆ ನೋಡ್ತವೆ. ಡಬ್ಬಿಯ ಯಾವ ತುದಿ ಮುಂದೆ ಬರುತ್ತೋ ಗಾಡಿ ನಿಂತ ಮೇಲೇ ಗೊತ್ತಾಗೋದು. ಮಿಷನ್‌ಗೆ ಸೀಟಿನ ನಂಬರ್ ಗೊತ್ತು, ಸೀಟಿನ ಮುಖ ಗೊತ್ತಿಲ್ಲ. ಮುಂದಿನವರು ಬನ್ನಿ!"

ಇದೇ ಸತ್ಯವನ್ನು ಅವನು ಅತ್ತೆಗೂ ಹೇಳಿದ್ದ. ಆಕೆಗೆ ಮೂರು ತಿಂಗಳಿಗೊಮ್ಮೆ ದೊಡ್ಡ ಆಸ್ಪತ್ರೆಗೆ ಆರು ಗಂಟೆಯ ಹಗಲು ಪ್ರಯಾಣ. ಆ ಕಡೆ ಇಳಿಸಿಕೊಳ್ಳಲು ಮಗ ಇರುತ್ತಿದ್ದ. ಹಿಮ್ಮುಖವಾಗಿ ಕೂತರೆ ಮೂರನೇ ಸ್ಟೇಷನ್ ಬರುವುದರೊಳಗೆ ಹೊಟ್ಟೆ ತೊಳಸಿ, ಉಳಿದ ದಾರಿಯೆಲ್ಲ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡೇ ಹೋಗಬೇಕು. ದೊಡ್ಡಳಿಯ ಮಾಡಿಸಿದ ಎರಡು ಪ್ರಯಾಣದಲ್ಲೂ ಹಾಗೇ ಆಯಿತು. ಆಮೇಲೆ ಚಿಕ್ಕಳಿಯ ತನ್ನ ಮೊಬೈಲಿನಲ್ಲಿ ಮಾಡಿಸತೊಡಗಿದ. ನಾಲ್ಕು ಸಲಕ್ಕೆ ನಾಲ್ಕೂ ಸಲ ಆಕೆ ಗಾಡಿ ಹೋಗುವ ಕಡೆಗೇ ಮುಖ ಮಾಡಿ ಕೂತು, ನಿದ್ದೆ ಮಾಡಿಕೊಂಡು ಹೋದರು.

ಈ ಚಿಕ್ಕಳಿಯ ಟೈಲರು. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಎರಡು ಮಿಷನ್ ಇಟ್ಟುಕೊಂಡವನು. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಪಿನ್ನು, ಪಿನ್ನು ಇದ್ದರೂ ಮಾತು. ಅವನ ಅಂಗಡಿಗೆ ಗುಂಡಿ ಹಾಕಿಸಿಕೊಳ್ಳಲು ಬಂದವರೂ ಅರ್ಧ ಗಂಟೆ ಕೂತು ಎದ್ದು ಹೋಗುತ್ತಿದ್ದರು. ಇತ್ತ ಕೌಂಟರಿನ ಮುಂದೆ ಕೂತು ಹೋಗಲು ಯಾರಿಗೂ ಆಸೆ ಇರಲಿಲ್ಲ.

"ಅದೂ ಒಂದೇ ಕಂಪ್ಯೂಟರು, ಇದೂ ಒಂದೇ ಕಂಪ್ಯೂಟರು," ಅಂತ ಕೌಂಟರಿನವನು ರಾತ್ರಿ ಹೆಂಡತಿಯ ಮುಂದೆ ಹಲ್ಲು ಕಡಿದ. "ನನ್ನ ಕೈಗೆ ಬರದ್ದು ಅವನ ಫೋನಿಗೆ ಹೇಗೆ ಬರುತ್ತೆ?"

"ಅವನ ಕೈಗುಣ ಕಣ್ರೀ."

"ಕೈಗುಣವಂತೆ ಕೈಗುಣ! ಅಂಗಿ ಹೊಲಿಯೋನು ಸೀಟು ತಿರುಗಿಸ್ತಾನಾ?"

"ನಿಮಗೆ ಹೊಟ್ಟೆಕಿಚ್ಚು."

"ಯಾರಿಗೆ? ನನಗಾ?" ಎಂದು ಗೋಡೆ ಕಡೆ ತಿರುಗಿ ಮಲಗಿದ. ನಿದ್ದೆ ಮಾತ್ರ ಬರಲಿಲ್ಲ. ಇಪ್ಪತ್ತಾರು ವರ್ಷ ತೇಯ್ದ ಕೆಲಸದಲ್ಲಿ, ಹೊಲಿಗೆಯವನೊಬ್ಬ ತನ್ನನ್ನು ಮೀರಿಸಿ ಅತ್ತೆಯ ಬಾಯಲ್ಲಿ ಹೊಗಳಿಸಿಕೊಂಡನಲ್ಲ ಅನ್ನುವುದು ಹಲ್ಲುಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು.

ಮುಂದಿನ ಪ್ರಯಾಣಕ್ಕೆ ಅವನೇ ಹಟ ಹಿಡಿದ. "ಈ ಸಲ ಟಿಕೆಟ್ ನಾನು ಮಾಡಿಸ್ತೀನಿ." ಅತ್ತೆಯ ಮುಖ ಸಣ್ಣಗಾಯಿತು. ಅದನ್ನೂ ಅವನು ನೋಡಿದ.

ಒಂದು ವಾರ ದಿನಾ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಪ್ಲಾಟ್‌ಫಾರಂಗೆ ಹೋಗಿ ಆ ಗಾಡಿಯನ್ನೇ ನೋಡಿದ. ಏಳು ದಿನವೂ ಡಬ್ಬಿಯ ಒಂದನೇ ನಂಬರಿನ ಸೀಟಿದ್ದ ತುದಿ ಹಿಂದೆ ಬಂತು, ಎಂಜಿನ್ನಿನಿಂದ ದೂರ. ಎರಡೂ ತುದಿಯ ಸೀಟುಗಳು ಡಬ್ಬಿಯ ನಡುವಿಗೆ ಮುಖ ಮಾಡಿರುತ್ತವೆ. ಹಾಗಾದರೆ ಸಣ್ಣ ನಂಬರಿನವೆಲ್ಲ ಎಂಜಿನ್ ಕಡೆಗೆ ನೋಡುತ್ತವೆ. ಎಂಟನೇ ದಿನ ಅತ್ತೆಯ ಫಾರಂ ತುಂಬಿ, ಕಿಟಕಿ ಅಂತ ಗುರುತು ಹಾಕಿ ಒತ್ತಿದ. ಟಿಕೆಟ್ ಹೊರಬಂತು. ನಂಬರು ಸಣ್ಣದು, ಕಿಟಕಿಯದೇ. ಕುರ್ಚಿಯಿಂದ ಒಂದಡಿ ಮೇಲೆದ್ದಂತಾಯಿತು.

ಸಂಜೆ ಟಿಕೆಟನ್ನು ಅತ್ತೆಯ ಕೈಗಿಟ್ಟು, ಇಪ್ಪತ್ತಾರು ವರ್ಷ ಯಾರಿಗೂ ಹೇಳದ ಮಾತು ಹೇಳಿಬಿಟ್ಟ: "ಕಿಟಕಿಯೂ ಇದೆ, ಗಾಡಿ ಹೋಗೋ ಕಡೆ ಮುಖವೂ ಇದೆ. ನನ್ನ ಗ್ಯಾರಂಟಿ."

ಮೂಲೆಯಲ್ಲಿ ಕೂತಿದ್ದ ಟೈಲರು ತಲೆಯೆತ್ತಿದ. "ಭಾವ, ಅದನ್ನ ಗ್ಯಾರಂಟಿ ಅನ್ನೋಕಾಗುತ್ತಾ?"

"ಯಾಕಪ್ಪ, ನಿನ್ನ ಫೋನೊಂದಕ್ಕೇ ಆಗೋದಾ?"

ಟೈಲರು ಬಗ್ಗಿ ಟಿಕೆಟ್ಟಿನ ತಾರೀಖು ನೋಡಿಕೊಂಡ.

ಹೊರಡುವ ದಿನ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಅತ್ತೆಯ ಚೀಲ ತಾನೇ ಹೊತ್ತ. ಅತ್ತೆಗೆ ಮಂಡಿ ನೋವು, ಮೇಲ್ಸೇತುವೆ ದಾಟಿ ಮಗಳ ತೋಳು ಹಿಡಿದು ನಿಧಾನ ಬರುತ್ತಿದ್ದರು. ಪ್ಲಾಟ್‌ಫಾರಮ್ಮಿನಲ್ಲಿ ನೋಡಿದರೆ, ಕತ್ತಿನಲ್ಲಿ ಟೇಪು ಸಮೇತ ಟೈಲರು ಆಗಲೇ ನಿಂತಿದ್ದಾನೆ.

"ನೀನ್ಯಾಕೆ ಬಂದೆ?"

"ಬರ್ತಾನೇ ಇದ್ದೀನಲ್ಲ ಭಾವ, ಪ್ರತಿ ಸಲ."

ಗಾಡಿ ಬಂತು. ಅವನು ಮುಂದಾಗಿ ಹತ್ತಿದ. ಹತ್ತಿದವನ ಕಾಲು ಅಲ್ಲೇ ನಿಂತಿತು. ಎಂಜಿನ್ ಕಡೆಯ ಬಾಗಿಲಲ್ಲೇ ಒಂದನೇ ನಂಬರು! ಅಂದರೆ ಸಣ್ಣ ನಂಬರಿನ ಸೀಟುಗಳೆಲ್ಲ ಹಿಂದಕ್ಕೆ ನೋಡುತ್ತಿವೆ.

"ಇದೇನ್ರೀ ಇದು?" ಎಂದು ಬಾಗಿಲಲ್ಲಿದ್ದ ಟಿಕೆಟ್ ತಪಾಸಣೆಯವನ ಮೇಲೆ ಹರಿಹಾಯ್ದ.

"ಹಳೇ ಡಬ್ಬಿ ನಿನ್ನೆ ರಿಪೇರಿಗೆ ಹೋಯ್ತು. ಯಾರ್ಡ್‌ನಿಂದ ಬೇರೆದು ಹಾಕಿದ್ದಾರೆ. ಅದು ಹೇಗೆ ನಿಂತಿತ್ತೋ ಹಾಗೇ ತಗುಲಿಸಿದ್ದಾರೆ. ನೀವೇ ಕೌಂಟರಿನವರು, ನಿಮಗೆ ನಾನು ಹೇಳಬೇಕಾ?"

ಅವನ ಕಿವಿ ಕಾದುಹೋಯಿತು. ಚೀಲವನ್ನು ಸೀಟಿನ ಮೇಲೆ ಕುಕ್ಕಿ, ಹಿಂದೆ ಬಂದ ಟೈಲರ ಮೇಲೆ ಎಗರಿದ: "ನಿನ್ನ ಕಣ್ಣೇ ಬಿತ್ತು ಕಣೋ! ಈಗ ತೃಪ್ತಿಯಾಯ್ತಾ? ಹೋಗು, ಅತ್ತೆ ಹತ್ತಿರ ಹೋಗಿ ಹೇಳಿ ನಗು!"

ಟೈಲರು ಡಬ್ಬಿಯ ಆಚೆ ಅರ್ಧಕ್ಕೆ ನಡೆದ. ಅಲ್ಲಿ ದಾರಿ ಪಕ್ಕದ ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತಿದ್ದಳು.

"ತಾಯೀ, ನಿಂಗೆ ಕಿಟಕಿ ಬೇಕಾ?"

ಹುಡುಗಿ ತಂತಿ ತೆಗೆದಳು. "ಎಲ್ಲಿದೆ?"

"ಆ ಕಡೆ. ಹಿಂದಕ್ಕೆ ನೋಡುತ್ತೆ, ನಿಂಗೆ ತೊಂದರೆ ಆಗಲ್ಲ ತಾನೇ? ನಮ್ಮತ್ತೆಗೆ ಹಾಗೆ ಕೂತ್ರೆ ವಾಂತಿ ಆಗುತ್ತೆ."

"ನಂಗೇನೂ ಆಗಲ್ಲ ಅಂಕಲ್. ಕಿಟಕಿ ಸಿಕ್ಕಿದ್ರೆ ಸಾಕು."

ಟೈಲರು ಅವಳ ಬ್ಯಾಗು ತಾನೇ ಎತ್ತಿಕೊಂಡು ಈ ಕಡೆ ತಂದಿಟ್ಟ, ಅತ್ತೆಯ ಚೀಲ ಆ ಕಡೆಗೆ ಒಯ್ದ. ಟಿಕೆಟ್ ತಪಾಸಣೆಯವನಿಗೆ ಒಂದು ಮಾತು ಹೇಳಿದ. ಅವನು ತಲೆಯಾಡಿಸಿ ಪಟ್ಟಿಯಲ್ಲಿ ಗುರುತು ಮಾಡಿಕೊಂಡು, "ಮತ್ತೆ ಬಂದ್ಯಾ ಟೈಲರ್?" ಅಂದ.

ಆ "ಮತ್ತೆ" ಅನ್ನುವುದು ಕೌಂಟರಿನವನ ಎದೆಗೆ ನಾಟಿತು. ಕೈಗುಣವೂ ಇಲ್ಲ, ಫೋನೂ ಇಲ್ಲ. ನಾಲ್ಕು ಸಲವೂ ಈತ ಅಂಗಡಿ ಮುಚ್ಚಿ ಬಂದು, ಅತ್ತೆ ಮೇಲ್ಸೇತುವೆ ಇಳಿಯುವುದರೊಳಗೆ ಸೀಟಿನ ಮುಖ ನೋಡಿ, ಬೇಕಾದಾಗೆಲ್ಲ ಯಾರೋ ಗುರುತಿಲ್ಲದವರ ಮುಂದೆ ಕೈಮುಗಿದು ಬದಲಾಯಿಸಿದ್ದಾನೆ. ಆ ಹೊತ್ತಿನಲ್ಲಿ ತಾನು ಗಾಜಿನ ಹಿಂದೆ "ಯಾರೂ ಕೊಡೋಕಾಗಲ್ಲ" ಅಂತ ಕೂಗುತ್ತಿದ್ದ. ತಾನು ಹೇಳುತ್ತಿದ್ದದ್ದು ಸುಳ್ಳೇನಲ್ಲ. ಆದರೂ ಇವನು ಕೊಟ್ಟಿದ್ದ.

ಅತ್ತೆ ಏದುಸಿರು ಬಿಡುತ್ತಾ ಹತ್ತಿದರು. ಸೀಟು ನೋಡಿ, "ಕಿಟಕಿ ಅಂದ್ರಲ್ಲ ದೊಡ್ಡಳಿಯಂದ್ರೇ?" ಅಂದರು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಟೈಲರು: "ಎರಡೂ ಒಟ್ಟಿಗೆ ಎಲ್ಲಿ ಸಿಗುತ್ತೆ ಅತ್ತೆ? ನಿಮಗೆ ಮುಖಾನೇ ಮುಖ್ಯ ಅಂತ ಭಾವ ಕಿಟಕಿ ಬಿಟ್ಟುಕೊಟ್ಟು ಇದನ್ನ ಮಾಡ್ಸಿದ್ರು. ಮಂಡಿ ಚಾಚೋಕೂ ದಾರಿ ಪಕ್ಕಾನೇ ಒಳ್ಳೇದು. ಬೆವರು ನೋಡಿ ಪಾಪ, ಅಂಗಿಯೆಲ್ಲ ಒದ್ದೆ!"

ಅತ್ತೆ ದೊಡ್ಡಳಿಯನನ್ನೇ ನೋಡಿದರು. ಮದುವೆಯಾದಂದಿನಿಂದ ಅವನು ಆ ನೋಟಕ್ಕೆ ಕಾದಿದ್ದ. "ಅವತ್ತು ಊಟದ ಹೊತ್ತಿಗೆ ಹಾಗೆ ಅನ್ನಬಾರದಿತ್ತು ನಾನು," ಅಂದರು ಆಕೆ. "ಮನಸ್ಸಿಗೆ ಹಚ್ಚಿಕೋಬೇಡಿ."

ಈಗಲಾದರೂ ಹೇಳಬಹುದಿತ್ತು, 'ನಾನಲ್ಲ, ಇವನು' ಅಂತ. ಗಾಡಿ ಸೀಟಿ ಹಾಕಿತು. ಅವನು "ಇಳೀತೀವಿ ಅತ್ತೆ" ಅಂದು ಇಳಿದುಬಿಟ್ಟ. ಪ್ಲಾಟ್‌ಫಾರಮ್ಮಿನಲ್ಲಿ ಟೈಲರು, "ಕಾಫಿ ಕುಡಿಯೋಣ್ವಾ ಭಾವ?" ಅಂದ. "ಕೆಲಸ ಇದೆ," ಅಂದ ರಜೆ ಹಾಕಿದ್ದ ದೊಡ್ಡಳಿಯ.

ಆಮೇಲೆ ಮನೆಯಲ್ಲಿ ಅವನ ಮಾತಿಗೆ ಬೆಲೆ ಬಂತು. ಕಾಫಿಯ ಮೊದಲ ಕಪ್ಪು ಅವನಿಗೇ ಬರುತ್ತಿತ್ತು. ಬೇರೆಯವರ ಅಳತೆಗೆ ಹೊಲಿದ ಅಂಗಿ ತೊಟ್ಟ ಹಾಗೆ ಆ ಮರ್ಯಾದೆ ಕಂಕುಳಲ್ಲಿ ಬಿಗಿಯುತ್ತಿತ್ತು. ಹೊಟ್ಟೆಕಿಚ್ಚು ಆರಿತೇ ಅಂದರೆ, ಇಲ್ಲ. ಮೊದಲು ಟೈಲರಿಗೆ ಸಿಗುವ ಹೊಗಳಿಕೆ ಕಂಡು ಉರಿಯುತ್ತಿತ್ತು. ಈಗ ಹೊಗಳಿಕೆಯನ್ನು ಅಷ್ಟು ಹಗುರಾಗಿ ಕೊಟ್ಟುಬಿಡುವ ಅವನ ಮನಸ್ಸು ಕಂಡು ಉರಿಯುತ್ತಿತ್ತು.

ಒಂದು ದಿನ ಗಾಜಿನ ಕಂಡಿಯಿಂದ ಬಂದ ಫಾರಂ ಟೈಲರದೇ. ಬಟ್ಟೆ ತರಲು ಹೊರಟಿದ್ದ.

"ಭಾವ, ಕಿಟಕಿ ಇದ್ರೆ ನೋಡಿ. ಮುಖ ಯಾವ ಕಡೆ ಆದ್ರೂ ಪರವಾಗಿಲ್ಲ."

ಕೌಂಟರಿನವನು ಯಾವತ್ತೂ ಇಲ್ಲದ ಹಾಗೆ ಜೋಪಾನವಾಗಿ ಟೈಪು ಮಾಡಿದ. ಕಿಟಕಿ ಅಂತ ಹಾಕಿದ. ಮನಸ್ಸಿನಲ್ಲೇ ಮಿಷನ್ನಿಗೆ ಹೇಳಿಕೊಂಡ: ಕೊಡು, ಇದೊಂದು ಸಲ ಕೊಡು. ಟಿಕೆಟ್ ಹೊರಬಂತು. ಮೂರು ಸೀಟಿನ ಸಾಲು, ನಡುವಿನದು.

"ಕಿಟಕಿ ಎಲ್ಲಾ ಹೋಗಿದೆ," ಅಂದ. ದನಿ ಒರಟಾಗಿಯೇ ಬಂತು.

"ಬಿಡಿ ಭಾವ. ಅಲ್ಲೇ ಯಾರನ್ನಾದ್ರೂ ಕೇಳ್ಕೋತೀನಿ."

ಟೈಲರು ಟಿಕೆಟ್ ಮಡಚಿ ಜೇಬಿಗಿಟ್ಟುಕೊಂಡು, ಇನ್ನೇನಾದರೂ ಇದೆಯೇ ಅನ್ನುವಂತೆ ಒಂದು ಗಳಿಗೆ ನಿಂತ. ಹಿಂದೆ ಹನ್ನೊಂದು ಜನರ ಸಾಲು. ಹೇಳಬೇಕಾದ ಮಾತು ಗಂಟಲವರೆಗೆ ಬಂತು, ಕಂಡಿಯವರೆಗೆ ಬರಲಿಲ್ಲ.

"ಮುಂದಿನವರು ಬನ್ನಿ," ಅಂದ ಕೌಂಟರಿನವನು.