ನಾನೂರ ಹನ್ನೆರಡು ನಾಣ್ಯ

ಸೌದಿಯ ಜುಬೈಲಿನ ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮ ಕಂಪ್ಯೂಟರಿಗೆ ಬೇರೆ ಜಾಗವಿರಲಿಲ್ಲ. ಊಟದ ಮೇಜಿನ ಒಂದು ತುದಿಯಲ್ಲಿ ಅದು, ಇನ್ನೊಂದು ತುದಿಯಲ್ಲಿ ನಾವು ಮೂವರು. ಅದನ್ನು ತಂದದ್ದು ನನ್ನ ಓದಿಗೆಂದು. ಹೆಚ್ಚು ಬಳಸಿದ್ದು ಅಮ್ಮ.

ನಾನಾಗ ಹನ್ನೊಂದನೆಯ ತರಗತಿ. ದಿನಚರಿ ಬರೆಯುವುದರ ಜೊತೆಗೆ ಲೆಕ್ಕವಿಡುವ ಚಾಳಿಯೂ ಇತ್ತು. ಮನೆಗೆ ಎಷ್ಟು ಡಬ್ಬಿ ಮೊಸರು ಬಂತು, ಏಸಿ ಎಷ್ಟು ಸಲ ಕೆಟ್ಟಿತು, ಶಾಲೆಯ ಬಸ್ಸು ಎಷ್ಟು ದಿನ ತಡವಾಯಿತು, ಇಂಥವೇ. ಗುರುವಾರದ ಸಾಲಿನಲ್ಲಿ ಮಾತ್ರ ಊರಿನ ಸುದ್ದಿ ಇರುತ್ತಿತ್ತು. ಗುರುವಾರ ಅಪ್ಪನಿಗೆ ರಜೆ. ಪೇಟೆಯ ಟೆಲಿಫೋನ್ ಕ್ಯಾಬಿನ್ನಿನ ಮುಂದೆ ಸರದಿ ನಿಂತು ಅವರು ಉಡುಪಿಯ ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಫೋನು ಮಾಡುತ್ತಿದ್ದರು. ಅಲ್ಲಿ ಗಂಡಸರ ನೂಕುನುಗ್ಗಲು. ಆದ್ದರಿಂದ ಅಮ್ಮ ಹೋಗುತ್ತಿರಲಿಲ್ಲ. ಅಪ್ಪ ತಂದ ಸುದ್ದಿಯೇ ಸುದ್ದಿ.

ಆ ಚಳಿಗಾಲ ಅಜ್ಜಿ, ಅಂದರೆ ಅಮ್ಮನ ಅಮ್ಮ, ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಅಮ್ಮ ಅಂದೇ ಹೊರಡುತ್ತೇನೆಂದಳು. ಪಾಸ್‌ಪೋರ್ಟ್ ಕಂಪನಿ ಆಫೀಸಿನಲ್ಲಿತ್ತು. ಊರಿಗೆ ಹೋಗಿ ಬರುವ ವೀಸಾಕ್ಕೆ ಅಪ್ಪನೇ ಕಂಪನಿಯಲ್ಲಿ ಅರ್ಜಿ ಹಾಕಬೇಕು. ಅಪ್ಪ ಕಂಪನಿಯ ಸ್ಥಾವರದಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್. ವಾರ್ಷಿಕ ರಿಪೇರಿಗೆಂದು ಸ್ಥಾವರ ನಿಲ್ಲಿಸುವ ಸಮಯ ಹತ್ತಿರ ಬಂದಿತ್ತು. "ಶಟ್‌ಡೌನ್ ಮುಗೀಲಿ ಮಾರಾಯ್ತಿ, ಮೂವರೂ ಒಟ್ಟಿಗೆ ಹೋಗುವ" ಎಂದರು. ಮುಂದಿನ ಗುರುವಾರ ಬಂದು, "ಹಾಗೇ ಇದ್ದಾರಂತೆ" ಎಂದರು. ಅದರ ಮುಂದಿನ ಗುರುವಾರವೂ, "ಹಾಗೇ ಇದ್ದಾರಂತೆ."

ಅಮ್ಮ ಆಟಕ್ಕೆ ಕೂತದ್ದು ಆ ದಿನಗಳಲ್ಲಿ. ಅದೊಂದು ದ್ವೀಪದ ಆಟ. ಗದ್ದೆ ಮಾಡಬೇಕು, ಬೆಳೆದದ್ದನ್ನು ಮಾರಬೇಕು, ಪ್ರತಿ ಬೆಳೆಯ ಕೊನೆಗೆ ರಾಜನಿಗೆ ಕಂದಾಯ ಕಟ್ಟಬೇಕು. ಚಿನ್ನದ ನಾಣ್ಯ ಸೊನ್ನೆಗಿಂತ ಕೆಳಗಿಳಿದರೆ ದ್ವೀಪ ಹೋಯಿತು. ಎರಡು ಸಾವಿರ ನಾಣ್ಯ ಕೂಡಿದರೆ ಬಂದರು ಕಟ್ಟಿಸಬಹುದು, ಹಡಗು ಬರುತ್ತದೆ. ಅಮ್ಮನಿಗೆ ಆ ಬಂದರು ಬೇಕಿತ್ತು. ಬೆಳಿಗ್ಗೆ ಅಡುಗೆ ಮುಗಿಸಿ ಕೂತರೆ ನಾನು ಶಾಲೆಯಿಂದ ಬರುವ ತನಕ ಅಲ್ಲೇ. "ಈ ಸಲ ಕೀಟ ಬಂತು ಮಗಾ, ಅರ್ಧ ಭತ್ತ ಹೋಯ್ತು" ಎಂದು ನೆರೆಮನೆಯ ಸುದ್ದಿಯಂತೆ ಹೇಳುತ್ತಿದ್ದಳು. ಅಜ್ಜಿಯ ಮಾತು ಬಂದಾಗ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಕೀಟ ಬಂದ ಆ ವಾರ ಅವಳ ಬಳಿ ಉಳಿದದ್ದು ನಾನೂರ ಹನ್ನೆರಡು ನಾಣ್ಯ. ಕಂದಾಯ ಮುನ್ನೂರು. ಅದನ್ನು ಕಟ್ಟಿದ ಮೇಲೆ ಬಿತ್ತನೆಗೇ ಸಾಲದು.

ಗುರುವಾರ ಅಮ್ಮ ಬಟ್ಟೆ ಒಣಗಿಸಲು ಮಹಡಿಗೆ ಹೋಗಿದ್ದಾಗ ಅಪ್ಪ ಪರದೆಯ ಮುಂದೆ ಬಗ್ಗಿ ನಿಂತು ಕೇಳಿದರು: "ಇದು ಮುಳುಗ್ತದಾ?"

"ಮುಂದಿನ ಕಂದಾಯಕ್ಕೆ ಮುಳುಗ್ತದೆ."

"ನಿನ್ನ ಹತ್ರ ಎಂಥದೋ ಫ್ಲಾಪಿ ಉಂಟಲ್ಲ, ಆಟದಲ್ಲಿ ಜೀವ ಕಡಿಮೆ ಆಗದ ಹಾಗೆ ಮಾಡ್ತದೆ ಅಂತಿದ್ದೆ."

ಇತ್ತು, ಶಾಲೆಯ ಗೆಳತಿ ಕೊಟ್ಟದ್ದು. ಆಟಕ್ಕಿಂತ ಮೊದಲು ಅದರಲ್ಲಿದ್ದ ಚಿಕ್ಕ ಪ್ರೋಗ್ರಾಮನ್ನು ಓಡಿಸಿದರೆ ಅದು ಮೆಮೊರಿಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಆಟದ ನಡುವೆ ಒಂದು ಕೀಲಿ ಒತ್ತಿದರೆ ಆಟ ನಿಂತು ಅದರ ಕಿಟಕಿ ತೆರೆದುಕೊಳ್ಳುತ್ತದೆ. ನಾನು ಮೊದಲು ಅಮ್ಮನ ಆಟವನ್ನು ಬೇರೆ ಫ್ಲಾಪಿಗೆ ನಕಲು ಮಾಡಿ, ಮೇಲೆ ತಾರೀಖು ಬರೆದಿಟ್ಟೆ. ಆಮೇಲೆ ಅಪ್ಪನಿಗೆ ತೋರಿಸಿದೆ.

412 ಎಂಬ ಸಂಖ್ಯೆ ಎಲ್ಲೆಲ್ಲಿದೆ ಎಂದು ಹುಡುಕಿದಾಗ ಅರವತ್ತೊಂದು ಜಾಗ ಸಿಕ್ಕಿತು. ಹೆಚ್ಚಿನವು ಚಿತ್ರದ್ದೋ ಸದ್ದಿನದೋ ಚೂರುಗಳು, ಅಕಸ್ಮಾತ್ತಾಗಿ ಅದೇ ಸಂಖ್ಯೆ ಹೊತ್ತವು. ಆಟಕ್ಕೆ ಮರಳಿ ಹದಿನೆಂಟು ನಾಣ್ಯದ ಬೀಜ ಕೊಂಡೆ. ಈಗ 394. ಆ ಅರವತ್ತೊಂದರಲ್ಲಿ ಯಾವುದು 394 ಆಗಿದೆ ಎಂದು ಕೇಳಿದರೆ ನಾಲ್ಕು. ಇಪ್ಪತ್ತೈದರ ನೇಗಿಲು ಕೊಂಡೆ, 369. ಉಳಿದದ್ದು ಎರಡು.

ಅಪ್ಪನ ಮುಖ ಅರಳಿತು. "ಇದು ನಮ್ಮ ಕೆಲಸವೇ ಅಲ್ವಾ! ಪ್ಯಾನೆಲ್ಲಿನಲ್ಲಿ ನೂರು ವಯರು ಇರ್ತದೆ. ಆ ತುದಿಯಲ್ಲಿ ಒಬ್ಬ ಎಳೀಬೇಕು, ಈ ತುದಿಯಲ್ಲಿ ಯಾವುದು ಅಲ್ಲಾಡ್ತದೆ ನೋಡ್ಬೇಕು."

"ಎರಡು ಅಲ್ಲಾಡಿತಲ್ಲ?"

"ಒಂದು ಬರೀ ತೋರಿಸುವ ಗೇಜಿಗೆ ಹೋಗುದಿರಬೇಕು."

ಅವರು ಹೇಳಿದ್ದು ಸರಿ. ಮೊದಲ ಜಾಗದಲ್ಲಿ 500 ಎಂದು ಬರೆದೆ. ಪರದೆಯಲ್ಲಿ 500 ಬಂತು. ಬೀಜ ಕೊಂಡೊಡನೆ 351 ಎಂದಿತು. ಅದು ಬರೀ ತೋರಿಸುವ ಪ್ರತಿ. ಅಸಲಿನಿಂದ ಮತ್ತೆ ತುಂಬಿಕೊಂಡಿತ್ತು. ಎರಡನೆಯದರಲ್ಲಿ 500 ಬರೆದು ಬೀಜ ಕೊಂಡಾಗ 482. ಅದೇ ಅಸಲು. ಅಮ್ಮನ ಆಟವನ್ನು ಮತ್ತೆ ತೆರೆದೆ. ನಮ್ಮ ಪರೀಕ್ಷೆಯೆಲ್ಲ ಅಳಿಸಿಹೋಗಿ 412 ಬಂತು.

"ಎರಡು ಸಾವಿರ ಹಾಕಿಬಿಡ್ಲಾ? ಬಂದರೇ ಕಟ್ಟಬಹುದು."

"ಬೇಡ ಬೇಡ, ಅವಳಿಗೆ ಗೊತ್ತಾಗ್ತದೆ. ಇದ್ದಷ್ಟೇ ಇರ್ಲಿ. ಕಡಿಮೆ ಆಗದಿದ್ರೆ ಸಾಕು."

ನಾನು ಆ ಜಾಗವನ್ನು ಹಿಡಿದಿಡುವಂತೆ ಮಾಡಿದೆ. ಹಿಡಿದಿಡುವುದೆಂದರೆ ಬೀಗ ಹಾಕುವುದಲ್ಲ. ಕಂಪ್ಯೂಟರಿನ ಒಳಗಿನ ಗಡಿಯಾರದ ಪ್ರತಿ ಮಿಡಿತಕ್ಕೆ, ಸೆಕೆಂಡಿಗೆ ಸುಮಾರು ಹದಿನೆಂಟು ಸಲ, ಆ ಪ್ರೋಗ್ರಾಮು ಹೋಗಿ ಅಲ್ಲಿ 412 ಎಂದು ಮತ್ತೆ ಬರೆದು ಬರುತ್ತದೆ. ಆಟ ಕಳೆಯುತ್ತದೆ, ಇದು ತಿದ್ದುತ್ತದೆ. ಒಂದೇ ಏಟಿಗೆ 412ಕ್ಕಿಂತ ಹೆಚ್ಚು ಕಳೆದರೆ ಮಾತ್ರ ಇದು ತಿದ್ದುವ ಮೊದಲೇ ಆಟ ಸೊನ್ನೆಯ ಕೆಳಗೆ ನೋಡಿ ದ್ವೀಪವನ್ನು ಕಿತ್ತುಕೊಳ್ಳುತ್ತದೆ. ಅದನ್ನು ಅಪ್ಪನಿಗೆ ಹೇಳಿದೆ. "ಅಷ್ಟು ದೊಡ್ಡ ಏಟು ಸದ್ಯಕ್ಕಿಲ್ಲವಲ್ಲ" ಎಂದರು.

ಮಹಡಿಯಿಂದ ಬಂದ ಅಮ್ಮ ಕಂದಾಯ ಕಟ್ಟಿದಳು. ಸಂಖ್ಯೆ ಮಿಟುಕಿ ನಿಂತಿತು. "ತಗೊಳ್ಳಲೇ ಇಲ್ಲವಲ್ಲ ರಾಜ!" ಎಂದು ನಕ್ಕಳು. ಅಪ್ಪ ಪತ್ರಿಕೆಯ ಹಿಂದೆ ಕೂತಿದ್ದರು. "ಒಳ್ಳೆ ರಾಜ ಇರಬೇಕು" ಎಂದರು. ಬಹಳ ದಿನಗಳ ಮೇಲೆ ಮನೆಯಲ್ಲಿ ನಗು ಕೇಳಿದ್ದು ಅಂದು. ಆಟವನ್ನು ಅಮ್ಮ ಹಾಗೇ ಉಳಿಸಿ ಎದ್ದಳು.

ಮರುದಿನ ಶುಕ್ರವಾರ, ರಜೆಯಿದ್ದರೂ, ಅಪ್ಪನನ್ನು ಶಟ್‌ಡೌನಿನ ತಯಾರಿಗೆ ಕರೆಸಿದ್ದರು. ಬೆಳಿಗ್ಗೆ ಕಂಪ್ಯೂಟರ್ ಹಾಕಿ, ಮೆಮೊರಿಯಲ್ಲಿ ಆ ಜಾಗ ಬದಲಾಗಿಲ್ಲವೆಂದು ನೋಡಿ, ಮತ್ತೆ ಹಿಡಿದಿಟ್ಟುಕೊಟ್ಟದ್ದು ನಾನೇ. ಅಮ್ಮ ಹತ್ತು ಗದ್ದೆಗೆ ಬಿತ್ತಿದಳು. ಬೀಜಕ್ಕೆ ನಾಣ್ಯ ಖರ್ಚಾಗದ್ದನ್ನು ಅವಳು ಗಮನಿಸಿದ್ದಳೆಂದು ಈಗ ನನಗನಿಸುತ್ತದೆ, ಏಕೆಂದರೆ ಪ್ರತಿ ಗದ್ದೆ ಬಿತ್ತಿದ ಮೇಲೂ ಸಂಖ್ಯೆಯನ್ನು ಬಗ್ಗಿ ನೋಡುತ್ತಿದ್ದಳು. ಬೆಳೆ ಚೆನ್ನಾಗಿ ಬಂತು, ಕೀಟ ಬರಲಿಲ್ಲ. ಪೂರ್ತಿ ಮಾರಿದಳು.

"ಮಗಾ, ಇಲ್ಲಿ ಬಾ. ಮುನ್ನೂರೈವತ್ತರ ಭತ್ತ ಮಾರಿದೆ. ಏಳುನೂರ ಅರವತ್ತೆರಡು ಅಂತ ಒಮ್ಮೆ ಮಿಂಚಿತು. ಎಲ್ಲಿ ಹೋಯ್ತು?"

ಪರದೆಯಲ್ಲಿ 412.

ಅದನ್ನು ನಾನೂ ಯೋಚಿಸಿರಲಿಲ್ಲ, ಅಪ್ಪನೂ ಯೋಚಿಸಿರಲಿಲ್ಲ. ಕಡಿಮೆಯಾಗದಂತೆ ಹಿಡಿದದ್ದು ಹೆಚ್ಚಾಗದಂತೆಯೂ ಹಿಡಿದಿತ್ತು. ಆ ಪ್ರೋಗ್ರಾಮಿಗೆ ಖರ್ಚು, ಗಳಿಕೆ ಎಂಬ ಭೇದವಿಲ್ಲ. ನಾನು ಕಿಟಕಿ ತೆರೆದು ತೋರಿಸಿ ಎಲ್ಲವನ್ನೂ ಹೇಳಿದೆ. ಅಮ್ಮ ಬೈಯಲಿಲ್ಲ.

"ಹಾಗಾದ್ರೆ ನಾನು ಎಷ್ಟು ಬೆಳೆದ್ರೂ ಇಷ್ಟೇ."

"ಹ್ಞೂಂ."

"ಬಂದರು ಆಗುದೇ ಇಲ್ಲ."

"ಬಿಟ್ಟುಬಿಟ್ರೆ ಆಗ್ತದೆ ಅಮ್ಮ. ಈಗಲೇ ಬಿಡ್ತೇನೆ."

"ಈಗ ಬೇಡ, ಹಾಗೇ ಇರ್ಲಿ. ಅಪ್ಪ ಬರ್ಲಿ."

ಮೂರೂವರೆಗೆ ಕಂಪನಿ ಬಸ್ಸು ಬಂತು. ಅಪ್ಪ ಮೊಸರಿನ ಡಬ್ಬಿ ಹಿಡಿದು ಒಳಗೆ ಬಂದರು. ಅಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

"ನಿನ್ನೆ ಫೋನಲ್ಲಿ ಅಣ್ಣ ಎಂತ ಹೇಳಿದ?"

"ಹೇಳಿದೆನಲ್ಲ, ಹಾಗೇ ಇದ್ದಾರಂತೆ."

"ಹೋದ ವಾರ?"

"ಹಾಗೇ."

"ಹಾಸಿಗೆ ಹಿಡಿದವರು ಒಂದೋ ಇಳೀಬೇಕು, ಇಲ್ಲ ಏರ್ಬೇಕು ಇವ್ರೇ. ನಮ್ಮ ಅಮ್ಮ ಮಾತ್ರ ಆರು ವಾರದಿಂದ ಹೇಗೆ ಹಾಗೇ ಇದ್ದಾಳೆ? ಇಲ್ಲಿ ನೋಡಿ, ಇದೂ ಹಾಗೇ ಉಂಟು."

ಅಪ್ಪ ಪರದೆ ನೋಡಿದರು, ನನ್ನನ್ನು ನೋಡಿದರು. ಡಬ್ಬಿಯನ್ನು ಮೇಜಿನ ಮೇಲಿಡಲು ಜಾಗ ಸಿಗದೆ ಕೈಯಲ್ಲೇ ಹಿಡಿದು ನಿಂತರು.

"ನಿನ್ಗೆ ಬೇಜಾರಾಗ್ಬಾರದು ಅಂತ..."

"ಅಣ್ಣ ಎಂತ ಹೇಳಿದ?"

ಹೇಳಿದರು. ಅಜ್ಜಿಯ ಎಲುಬು ಕೂಡಿರಲಿಲ್ಲ. ಮೂರನೆಯ ವಾರಕ್ಕೆ ಬೆನ್ನಿಗೆ ಹುಣ್ಣಾಗಿ ಜ್ವರ ಬಂದಿತ್ತು. ಈಗ ಆಸ್ಪತ್ರೆಯಲ್ಲಿದ್ದರು, ಕೆಲವೊಮ್ಮೆ ಮಾವನನ್ನೇ ಯಾರೆಂದು ಕೇಳುತ್ತಿದ್ದರು. ವೀಸಾದ ಅರ್ಜಿಯನ್ನು ಅಪ್ಪ ಹಾಕಿಯೇ ಇರಲಿಲ್ಲ. ಶಟ್‌ಡೌನ್ ಹೊತ್ತಿನಲ್ಲಿ ಕೇಳಿದರೆ ಬೇಡವೆಂದುಬಿಡುತ್ತಾರೆ, ಮುಗಿದ ಮೇಲೆ ಕೇಳಿದರೆ ಆಗುತ್ತದೆ, ಅಷ್ಟರೊಳಗೆ ಅತ್ತೆಯೂ ಚೇತರಿಸಿಕೊಳ್ಳುತ್ತಾರೆ ಎಂದುಕೊಂಡಿದ್ದರಂತೆ. ಪ್ರತಿ ವಾರ ಹಾಗೆಯೇ ಅಂದುಕೊಂಡಿದ್ದರಂತೆ.

ಅಮ್ಮ ಅಳುತ್ತಾಳೆಂದುಕೊಂಡೆ. ಅವಳು ನನ್ನ ಕಡೆ ತಿರುಗಿದಳು. "ಹಳೆಯದು ಉಂಟಾ ನಿನ್ನ ಹತ್ರ? ಇವರು ಕೈ ಹಾಕುವ ಮೊದಲಿನದು?"

ತಾರೀಖು ಬರೆದಿಟ್ಟ ಫ್ಲಾಪಿ ಕೊಟ್ಟೆ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದೆ. ಆ ಪ್ರೋಗ್ರಾಮನ್ನು ಓಡಿಸಲಿಲ್ಲ. 412 ಬಂತು, ಆದರೆ ಈ ಸಲ ಯಾರೂ ಹಿಡಿದಿರದ 412. ಅಮ್ಮ ರಾಜನಿಗೆ ಕಂದಾಯ ಕಟ್ಟಿದಳು. 112.

"ಇಷ್ಟು ನನ್ನದು" ಎಂದು ಆಟ ಮುಚ್ಚಿದಳು. ಆಮೇಲೆ ಅಪ್ಪನಿಗೆ: "ನಾಳೆ ಆಫೀಸಿಗೆ ಹೋಗಿ ಕೇಳಿ. ಬೇಡ ಅಂದ್ರೆ ಬೇಡ ಅಂದ್ರು ಅಂತ್ಲೇ ಬಂದು ಹೇಳಿ."

ಮರುದಿನ ಆಫೀಸಿನವರು ಬೇಡವೆಂದರು. ಅಪ್ಪ ಹಾಗೆಯೇ ಬಂದು ಹೇಳಿದರು. ಅದರ ಮರುದಿನ ತನಗೆ ರಜೆ ಬೇಡ, ಹೆಂಡತಿಗೆ ಮಾತ್ರ ವೀಸಾ ಕೊಟ್ಟರೆ ಸಾಕು ಎಂದು ಮತ್ತೆ ಕೇಳಿದರು. ಒಪ್ಪಿದರು. ಎರಡನೆಯ ವಾರ ಅಮ್ಮ ದಹ್ರಾನಿನಿಂದ ಮುಂಬಯಿಯ ವಿಮಾನ ಹತ್ತಿದಳು. ವಿಮಾನ ನಿಲ್ದಾಣದಲ್ಲಿ ಅವರಿಬ್ಬರೂ ಚೀಲದ ತೂಕದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಆ ಗುರುವಾರ ಅಪ್ಪ ಬೂಟು ಹಾಕಿಕೊಂಡು, "ನೀನೂ ಬಾ" ಎಂದರು. ಕ್ಯಾಬಿನ್ನಿನ ಮುಂದೆ ನಾನೊಬ್ಬಳೇ ಹುಡುಗಿ. ಸರದಿಯಲ್ಲಿದ್ದ ಮಲಬಾರಿನ ಮುದುಕರೊಬ್ಬರು ನಮ್ಮನ್ನು ಮುಂದೆ ಬಿಟ್ಟರು. ನಂಬರು ಒತ್ತಿ, ಗಂಟೆ ಹೊಡೆದುಕೊಳ್ಳುವುದನ್ನು ಕೇಳಿಸಿಕೊಂಡು, ಅಪ್ಪ ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ಯಾರು, ಮಗಾ? ನನ್ನ ಗುರ್ತ ಸಿಕ್ಕಲಿಲ್ಲ ಅಜ್ಜಿಗೆ" ಎಂದಳು ಅಮ್ಮ, ತುಂಬ ದೂರದಿಂದ. "ನಿನ್ನೆ ಮೂರು ಚಮಚ ಗಂಜಿ ಕುಡಿದ್ರು. ಇವತ್ತು ಎರಡೇ."

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. "ಎಂತ? ಎಂತ ಹೇಳಿದ್ಲು?"

"ನಿನ್ನೆ ಮೂರು, ಇವತ್ತು ಎರಡು" ಎಂದೆ. ಮನೆಗೆ ಬಂದು ಗುರುವಾರದ ಸಾಲಿನಲ್ಲಿ ಅಷ್ಟನ್ನೇ ಬರೆದೆ.