ಸುಡದೇ ಹೋದ ನಾಲ್ಕು ಲಕ್ಷ

ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲ. ವಿಮೆಯ ಸರ್ವೇಯರನಾಗಿ ನಾನು ನಷ್ಟದ ಲೆಕ್ಕ ಹಾಕಲು ಹೊಸಪೇಟೆಯಿಂದ ಕಂಪ್ಲಿಗೆ ಹೋದಾಗ ಅಲ್ಲಿನ ಸೀರೆ ಅಂಗಡಿಯೊಂದು ಇಡೀ ಬೂದಿಯಾಗಿತ್ತು. ಎಣಿಸಲು ಒಂದು ಸೆರಗೂ ಉಳಿದಿರಲಿಲ್ಲ. ಲೆಕ್ಕದ ಪುಸ್ತಕಗಳು ಮಾತ್ರ ಮಾಲೀಕರ ಮನೆಯಲ್ಲಿದ್ದವು.

ಅವರ ಪಡಸಾಲೆಯಲ್ಲಿ ಕೂತು, ಸುಟ್ಟ ಅಂಗಡಿಯನ್ನು ಕಾಗದದ ಮೇಲೆ ಮತ್ತೆ ಕಟ್ಟತೊಡಗಿದೆ. ವರ್ಷದ ಮೊದಲಿಗಿದ್ದ ಸರಕು, ಆಮೇಲೆ ಕೊಂಡದ್ದು ಸೇರಿ ನಲವತ್ತು ಲಕ್ಷ. ಬೆಂಕಿ ಬೀಳುವವರೆಗಿನ ಮಾರಾಟವೂ ನಲವತ್ತು ಲಕ್ಷ. ಮಾರಾಟದಲ್ಲಿ ಲಾಭ ಕಳೆದರೆ ಹೊರಗೆ ಹೋದ ಸರಕಿನ ಅಸಲು ಸಿಗುತ್ತದೆ, ಮಿಕ್ಕಿದ್ದು ಸುಟ್ಟದ್ದು.

“ನೂರಕ್ಕ ಮೂವತ್ತು ಲಾಭ ಬರಕೊಳ್ರಿ,” ಎಂದರು ಮಾಲೀಕರು, ಕಣ್ಣು ಮುಚ್ಚಿ ಒಂದೊಂದೇ ಕಪಾಟು ನೋಡುತ್ತಿರುವವರಂತೆ. ಹಾಗಾದರೆ ಹೊರಗೆ ಹೋದದ್ದು ಇಪ್ಪತ್ತೆಂಟು ಲಕ್ಷ, ಸುಟ್ಟದ್ದು ಹನ್ನೆರಡು. ಆದರೆ ಹಿಂದಿನ ವರ್ಷಗಳ ಪುಸ್ತಕಗಳು ಲಾಭ ಇಪ್ಪತ್ತೇ ಎನ್ನುತ್ತಿದ್ದವು. ಆಗ ಸುಟ್ಟದ್ದು ಎಂಟೇ ಲಕ್ಷ. ನನಗೆ ಸಿಟ್ಟು ಬಂತು. ಬೂದಿಗೂ ಬೆಲೆ ಏರಿಸುತ್ತಾರಲ್ಲ!

ಚಹಾ ತಂದ ಅವರ ಹೆಂಡತಿ ನಕ್ಕರು. “ಆ ಮೂವತ್ತು, ಸೀರಿ ಬೆಲೆ ಚೀಟಿ ಮ್ಯಾಲ ಅಷ್ಟರೀ. ಯಾರರ ಸೆರಗು ಹೆಗಲಿಗೆ ಹಾಕ್ಕೊಂಡು ಕನ್ನಡಿ ಮುಂದ ನಿಂತ್ರ ಸಾಕು, ಇವರು ಬೆಲೆ ಇಳಸೋರು.”

“ಅಷ್ಟು ಒಪ್ಪಿದ ಸೀರೀನ ಹೆಂಗ ಕಸಕೊಳ್ಳೋದು?” ಎಂದರು ಮಾಲೀಕರು, ಕಣ್ಣು ತೆರೆಯದೆ.

ಇಪ್ಪತ್ತೇ ಬರೆದೆ. ಸಂಜೆ ಬಸ್ಸಿಗೆ ಕಾಯುವಾಗ, ಕೆಂಪು ಧೂಳಿನ ಬೆಳಕಿನಲ್ಲಿ ಹೆಂಗಸರು ತೇಲಿದಂತೆ ಹೋಗುತ್ತಿದ್ದರು. ಹಸಿರು, ನೇರಳೆ, ಅರಿಶಿನದ ಸೆರಗುಗಳು. ನಾನು ಕಡಿಮೆ ಮಾಡಿದ ನಾಲ್ಕು ಲಕ್ಷ ಬೆಂಕಿಯ ಕೈಗೆ ಸಿಕ್ಕಿರಲೇ ಇಲ್ಲ, ಊರಿನಲ್ಲಿ ಓಡಾಡಿಕೊಂಡಿತ್ತು.